ಕಾಲ್ ಲೆಟರ್ ಬಂದಿದೆ, ಅವತ್ತು ಹೋಗೋಕಾಗಲ್ಲ

"ಸರ್, ಇಂಟರ್ವ್ಯೂಗೆ ಕಾಲ್ ಲೆಟರ್ ಬಂದಿದೆ. ಅವತ್ತೇ ನಂಗೆ ಇನ್ನೊಂದು ಪರೀಕ್ಷೆ ಇದೆ. ಬೇರೆ ದಿನ ಕೊಡ್ತಾರಾ? ಹೋದ್ರೆ ಬಸ್ ಚಾರ್ಜ್ ಆದ್ರೂ ಸಿಗುತ್ತಾ?"

ಎಷ್ಟೋ ಸಲ ಎರಡೂ ಸಿಗುತ್ತದೆ. ಕೇಳಬೇಕಾದ ಹೊತ್ತಲ್ಲಿ, ಕೇಳಬೇಕಾದ ರೀತಿಯಲ್ಲಿ ಕೇಳಿದರೆ.

ಸಾರ್ವಜನಿಕ ವಲಯದ ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲಿ ಹನ್ನೊಂದು ವರ್ಷ ಟೇಬಲ್ಲಿನ ಆ ಕಡೆ ಕೂತಿದ್ದೆ. ಈಗ ಊರಿಗೆ, ಅಂದರೆ ದಾವಣಗೆರೆಗೆ ವಾಪಸ್ ಬಂದಿದ್ದೇನೆ. ವಾರಕ್ಕೆ ಒಬ್ಬರಾದರೂ ಮೊಬೈಲ್ ಹಿಡಿದುಕೊಂಡು ಬರುತ್ತಾರೆ, ಕಾಲ್ ಲೆಟರಿನ ಮೊದಲ ಪುಟ ತೋರಿಸುತ್ತಾರೆ. ಎರಡನೇ ಪುಟ ಓದಿದಿರಾ ಅಂತ ಕೇಳಿದರೆ ಸುಮ್ನೆ ನಗುತ್ತಾರೆ. ಮೊದಲ ಪುಟದಲ್ಲಿ ದಿನ, ಸಮಯ, ಜಾಗ ಇರುತ್ತದೆ ಅಷ್ಟೇ. ಉಳಿದಿದ್ದೆಲ್ಲ ಎರಡನೇ ಪುಟದ ಸಣ್ಣ ಅಕ್ಷರದಲ್ಲಿ.

ಮೊದಲು ದಿನಾಂಕದ ವಿಷಯ. ಎಲ್ಲರೂ ತಮ್ಮ ಕಾರಣ ಎಷ್ಟು ದೊಡ್ಡದು ಅಂತ ಹೇಳುವುದರಲ್ಲೇ ಇರುತ್ತಾರೆ. ಅಕ್ಕನ ಮದುವೆ, ಅಜ್ಜಿಯ ಆಪರೇಷನ್, ಜ್ವರ. ಒಳಗೆ ಕೂತವನಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿರುತ್ತದೆ: ಬೋರ್ಡ್ ಇನ್ನೂ ಎಷ್ಟು ದಿನ ಕೂರುತ್ತದೆ? ಇಂಟರ್ವ್ಯೂ ಬೋರ್ಡಿನಲ್ಲಿ ನಮ್ಮ ಅಧಿಕಾರಿಗಳ ಜೊತೆ ಹೊರಗಿನ ವಿಷಯ ತಜ್ಞರು ಇರುತ್ತಾರೆ, ಮೀಸಲು ವರ್ಗದ ಒಬ್ಬ ಸದಸ್ಯರು ಇರುತ್ತಾರೆ. ಇವರನ್ನೆಲ್ಲ ಒಂದೇ ಕಡೆ ಸೇರಿಸುವುದೇ ಒಂದು ಸಾಹಸ. ಒಂದು ವಾರವೋ ಹತ್ತು ದಿನವೋ ಕೂರುತ್ತಾರೆ, ದಿನದಿನದ ಅಂಕಪಟ್ಟಿಗೆ ಸಹಿ ಹಾಕುತ್ತಾರೆ, ಕೊನೆ ದಿನ ಲಕೋಟೆ ಸೀಲ್ ಆಗುತ್ತದೆ. ಆಮೇಲೆ ನಿಮ್ಮೊಬ್ಬರಿಗೋಸ್ಕರ ಅವರನ್ನು ಮತ್ತೆ ಕರೆಸುವುದಿಲ್ಲ. ಆದರೆ ಬೋರ್ಡ್ ಕೂತಿರುವಾಗಲೇ ಕೇಳಿದರೆ, 14ನೇ ತಾರೀಖಿನವರನ್ನು 19ಕ್ಕೆ ಹಾಕುವುದು ಪಟ್ಟಿಯಲ್ಲಿ ಒಂದು ಸಾಲು ಕೆಳಗಿಳಿಸಿದಷ್ಟೇ ಕೆಲಸ.

ಹಾಗಂತ ಎಲ್ಲ ಕಡೆ ಇದು ನಡೆಯಲ್ಲ. ಯುಪಿಎಸ್‌ಸಿಯವರು ಇಂಟರ್ವ್ಯೂ ದಿನ ಬದಲಾಯಿಸಿಕೊಡುವ ಕೋರಿಕೆ ಒಪ್ಪುವುದಿಲ್ಲ, ಅದನ್ನು ಬರೆದೇ ಇಟ್ಟಿರುತ್ತಾರೆ. ಅಂಥ ಕಡೆ ಹೋಗದಿದ್ದರೆ ಗೈರುಹಾಜರಿ, ಕಥೆ ಮುಗಿಯಿತು. ಲಿಖಿತ ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಆಯ್ಕೆ ಪಟ್ಟಿಗೆ ಹೆಸರು ಬರುವುದಿಲ್ಲ. ಇನ್ನೊಂದು ಮಾತು: ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ 2016ರ ಜನವರಿಯಿಂದ ಇಂಟರ್ವ್ಯೂನೇ ಇಲ್ಲ. ಅಲ್ಲಿ ಬರುವ ಪತ್ರ ದಾಖಲೆ ಪರಿಶೀಲನೆಯದು. ಎಷ್ಟೋ ಜನ ಅದನ್ನೇ ಇಂಟರ್ವ್ಯೂ ಅಂದುಕೊಂಡು ಟೈ ಕಟ್ಟಿಕೊಂಡು ಹೋಗುತ್ತಾರೆ, ಪರವಾಗಿಲ್ಲ.

ಹೋದ ವರ್ಷ ನಿಟುವಳ್ಳಿಯ ಒಬ್ಬ ಹುಡುಗಿ ಬಂದಿದ್ದಳು. ಬೆಂಗಳೂರಲ್ಲಿ ಇಂಟರ್ವ್ಯೂ, 14ನೇ ತಾರೀಖು ಬೆಳಿಗ್ಗೆ. ಅದೇ ದಿನ ಮೈಸೂರಲ್ಲಿ ಇನ್ನೊಂದು ಪರೀಕ್ಷೆ. ಬೋರ್ಡ್ ಎಲ್ಲಿವರೆಗೆ ಕೂರುತ್ತದೆ ಅಂತ ಕಾಲ್ ಲೆಟರಿನಲ್ಲಿ ಇರುವುದಿಲ್ಲ. ಆದರೆ ಕಂಪನಿಯ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಪ್ರಕಾರ ಯಾರಿಗೆ ಯಾವ ದಿನ ಅನ್ನೋ ಪಟ್ಟಿ ಹಾಕಿದ್ದರು. ಕೊನೆ ಸಾಲಿಗೆ ಹೋಗಿ ನೋಡಿದೆವು, 20ನೇ ತಾರೀಖು. ಅಂದರೆ 15ರಿಂದ 20ರ ಒಳಗೆ ಎಲ್ಲಾದರೂ ತೂರಿಸಲು ಜಾಗ ಇದೆ. ಕೂತಲ್ಲೇ ಮೇಲ್ ಬರೆಸಿದೆ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ನೋಂದಣಿ ಸಂಖ್ಯೆ, ಈಗ ಕೊಟ್ಟ ದಿನ. ಒಳಗೆ ನಾಲ್ಕೇ ಸಾಲು. ಮೈಸೂರಿನ ಪರೀಕ್ಷೆಯ ಹಾಲ್ ಟಿಕೆಟ್ ಲಗತ್ತು. "ಯಾವ ದಿನ ಬೇಕಾದರೂ ಕೊಡಿ" ಅಂತ ಬರೆಯಬೇಡ, "15ರಿಂದ 20ರೊಳಗೆ ನಿಮಗೆ ಅನುಕೂಲವಾದ ದಿನ" ಅಂತ ಬರಿ ಅಂದೆ. ಯಾಕೆ ಗೊತ್ತಾ? ಮೇಲ್ ಓದುವವನು ಫೈಲಿನಲ್ಲಿ ಟಿಪ್ಪಣಿ ಹಾಕಿ ಸಹಿ ಮಾಡಿಸಬೇಕು. ನಿಮ್ಮ ಸಾಲನ್ನೇ ಎತ್ತಿ ಬರೆದುಕೊಳ್ಳುವ ಹಾಗಿದ್ದರೆ ಅವನ ಕೆಲಸ ಬೇಗ ಆಗುತ್ತದೆ. ಮೂರನೇ ದಿನ ಉತ್ತರ ಬಂತು: 19ನೇ ತಾರೀಖು, ಬೆಳಿಗ್ಗೆ 9ಕ್ಕೆ. ಆ ಉತ್ತರವನ್ನೂ ಪ್ರಿಂಟ್ ತೆಗೆದು ಕಾಲ್ ಲೆಟರ್ ಜೊತೆ ಪಿನ್ ಮಾಡಿಸಿದೆ, ಯಾಕೆಂದರೆ ಗೇಟಿನ ಸೆಕ್ಯುರಿಟಿ ಹತ್ತಿರ ಹಳೇ ಪಟ್ಟಿಯೇ ಇರುತ್ತದೆ.

ಪರೀಕ್ಷೆಯ ಘರ್ಷಣೆ ಒಳ್ಳೆಯ ಕಾರಣ, ಕಾಗದ ಕೈಯಲ್ಲೇ ಇರುತ್ತದೆ. ಆಸ್ಪತ್ರೆ, ಹೆರಿಗೆ ಇದ್ದರೆ ಡಾಕ್ಟರ ಸರ್ಟಿಫಿಕೇಟ್ ಹಾಕಿ. ಮದುವೆ ಅಂತ ಬರೆದವರಿಗೆ ನಮ್ಮ ಕಡೆ ಸಾಮಾನ್ಯವಾಗಿ ಇಲ್ಲ ಅಂತಲೇ ಹೋಗುತ್ತಿತ್ತು, ಅದು ಸರಿಯೋ ತಪ್ಪೋ ಬೇರೆ ಮಾತು. ಬದಲಾವಣೆ ಕೊಟ್ಟರೂ ಒಂದೇ ಸಲ. ಇಂಟರ್ವ್ಯೂ ಮುಗಿದ ಮೇಲೆ "ನಿನ್ನೆ ಹುಷಾರಿರಲಿಲ್ಲ" ಅಂತ ಬಂದ ಮೇಲ್‌ಗಳಿಗೆ ಉತ್ತರ ಕೂಡ ಹೋಗುತ್ತಿರಲಿಲ್ಲ. ಇನ್ನು ಅವತ್ತೇ ರೈಲು ತಡವಾಗಿ ಅರಸೀಕೆರೆಯಲ್ಲೇ ನಿಂತಿದೆ ಅಂತಿಟ್ಟುಕೊಳ್ಳಿ, ಪತ್ರದಲ್ಲಿರುವ ನಂಬರಿಗೆ ತಕ್ಷಣ ಫೋನ್ ಮಾಡಿ. ಬೆಳಗಿನವರನ್ನು ಮಧ್ಯಾಹ್ನದ ಕೊನೆಗೆ ಹಾಕಿದ್ದು ನಾನೇ ಎಷ್ಟೋ ಸಲ ಮಾಡಿದ್ದೇನೆ.

ಈಗ ದುಡ್ಡಿನ ಮಾತು. ಪ್ರಯಾಣ ಭತ್ಯೆ ಅಂದರೆ ನೀವು ಖರ್ಚು ಮಾಡಿದ್ದೆಲ್ಲ ವಾಪಸ್ ಅಲ್ಲ. ಪತ್ರದಲ್ಲಿ ಒಂದು ದರ್ಜೆ ಬರೆದಿರುತ್ತದೆ, ಹುದ್ದೆ ನೋಡಿಕೊಂಡು ಸ್ಲೀಪರ್ ಅಥವಾ ತ್ರೀ ಟೈರ್ ಎಸಿ. ಹತ್ತಿರದ ದಾರಿಯಲ್ಲಿ ಆ ದರ್ಜೆಯ ಟಿಕೆಟ್ ಎಷ್ಟೋ ಅಷ್ಟೇ ಮಿತಿ, ಅದರೊಳಗೆ ನೀವು ನಿಜವಾಗಿ ಕೊಟ್ಟಿದ್ದು ಎಷ್ಟೋ ಅಷ್ಟು. ಸುಮ್ನೆ ಲೆಕ್ಕಕ್ಕೆ ಇಟ್ಟುಕೊಳ್ಳಿ, ಸ್ಲೀಪರ್ 250 ರೂಪಾಯಿ, ನೀವು ವಂದೇ ಭಾರತ್‌ನಲ್ಲಿ 900 ಕೊಟ್ಟು ಹೋದಿರಿ. ಕೈಗೆ ಬರುವುದು 250. ಆಟೋ, ಊಟ, ಲಾಡ್ಜ್ ಯಾವುದೂ ಇಲ್ಲ.

ಬಸ್ಸಿನವರ ಕಷ್ಟ ಬೇರೆ. ನಮ್ಮ ಊರಿಂದ ಬಸ್ಸು ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ಸೀದಾ ಹೋಗುತ್ತದೆ. ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ಹೋಗುತ್ತದೆ, ದೂರ ಜಾಸ್ತಿ, ಆದರೂ ಸ್ಲೀಪರ್ ಟಿಕೆಟ್ ಬಸ್ಸಿಗಿಂತ ಕಡಿಮೆ. ನಮ್ಮಲ್ಲಿ ಬಸ್ ಟಿಕೆಟ್ ಕೊಟ್ಟರೂ ರೈಲಿನ ದರದ ಮಿತಿಯಲ್ಲೇ ಪಾಸ್ ಮಾಡುತ್ತಿದ್ದೆವು. ಬಸ್ ಟಿಕೆಟ್ ಕೊಡುವವರಿಗೆ ಒಂದು ಕಿವಿಮಾತು: ಕಂಡಕ್ಟರ್ ಯಂತ್ರದಿಂದ ಬರುವ ಆ ಚೀಟಿ ಪರ್ಸಿನಲ್ಲಿ ಬೆವರಿಗೆ, ಬಿಸಿಲಿಗೆ ಬೆಳ್ಳಗಾಗಿಬಿಡುತ್ತದೆ. ಖಾಲಿ ಬಿಳಿ ಚೀಟಿ ಕೊಟ್ಟು "ಸರ್, ಇದರಲ್ಲೇ ಇತ್ತು" ಅಂದವರನ್ನು ನೋಡಿದ್ದೇನೆ. ಇಳಿದ ತಕ್ಷಣ ಜೆರಾಕ್ಸ್ ಮಾಡಿಸಿ, ಮೂಲ ಚೀಟಿ ಜೊತೆಗೇ ಇಡಿ. ಇನ್ನು ಶಕ್ತಿ ಯೋಜನೆಯ ಶೂನ್ಯ ಟಿಕೆಟಿನಲ್ಲಿ ಬಂದ ಹೆಣ್ಣುಮಕ್ಕಳಿಗೆ ಭತ್ಯೆ ಬರುವುದಿಲ್ಲ, ಖರ್ಚೇ ಆಗಿಲ್ಲವಲ್ಲ!

ಜಾಸ್ತಿ ಜಗಳ ಆಗುವುದು ವಿಳಾಸದ ಮೇಲೆ. ಅರ್ಜಿ ತುಂಬುವಾಗ ಆರು ತಿಂಗಳ ಹಿಂದೆ ಪತ್ರವ್ಯವಹಾರದ ವಿಳಾಸ ಅಂತ ಏನು ಬರೆದಿರೋ ಅಲ್ಲಿಂದಲೇ ಲೆಕ್ಕ. ಕೋಚಿಂಗಿಗೆ ಅಂತ ಬೆಂಗಳೂರಿನ ವಿಜಯನಗರದಲ್ಲಿ ಪಿಜಿಯಲ್ಲಿದ್ದು ಆ ವಿಳಾಸ ಕೊಟ್ಟಿದ್ದರೆ, ಬೆಂಗಳೂರಿನ ಇಂಟರ್ವ್ಯೂಗೆ ನೀವು ಸ್ಥಳೀಯರು. ಅಪ್ಪ ಅಮ್ಮ ದಾವಣಗೆರೆಯಲ್ಲಿದ್ದಾರೆ ಅಂದರೆ ನಡೆಯಲ್ಲ. ಹಾಗೇ ವಿಳಾಸ ಇಲ್ಲಿಯದು, ಹತ್ತಿದ್ದು ತುಮಕೂರಲ್ಲಿ ಅಂದರೆ, ಎರಡರಲ್ಲಿ ಕಡಿಮೆ ಇರುವುದು. ಆ ನಿಟುವಳ್ಳಿ ಹುಡುಗಿ ಬೆಂಗಳೂರಿನ ಪಿಜಿಯಲ್ಲೇ ಇದ್ದರೂ ಮನೆ ವಿಳಾಸ ಕೊಟ್ಟಿದ್ದಳು, ಹಿಂದಿನ ವಾರ ಊರಿಗೆ ಬಂದು ಇಲ್ಲಿಂದಲೇ ರೈಲು ಹತ್ತಿದಳು. ಟಿಕೆಟ್ ಪ್ರಿಂಟ್, ಪಾಸ್‌ಬುಕ್ಕಿನ ಮೊದಲ ಪುಟ, ರದ್ದು ಮಾಡಿದ ಒಂದು ಚೆಕ್ ಕೊಟ್ಟಳು. ಅಲ್ಲೇ ಕೈಗೆ ದುಡ್ಡು ಕೊಡುವ ಕಾಲ ಹೋಯಿತು, ಖಾತೆಗೆ ಬರುತ್ತದೆ.

ಭತ್ಯೆಗೂ ದಾಖಲೆಗೂ ಒಂದು ಗಂಟಿದೆ, ಅದು ಯಾರಿಗೂ ಗೊತ್ತಿರಲ್ಲ. ಎಷ್ಟೋ ಕಂಪನಿಗಳಲ್ಲಿ ಬೋರ್ಡಿನ ಮುಂದೆ ಹೋಗುವ ಮೊದಲು ದಾಖಲೆ ನೋಡುತ್ತಾರೆ. ಅಲ್ಲಿ ಅರ್ಹತೆ ಇಲ್ಲ ಅಂತಾದರೆ ಇಂಟರ್ವ್ಯೂನೂ ಇಲ್ಲ, ಪ್ರಯಾಣದ ದುಡ್ಡೂ ಇಲ್ಲ. ಮೂಲ ಪ್ರತಿಗಳ ಜೊತೆ ನೀವೇ ಸಹಿ ಹಾಕಿದ ಒಂದು ಸೆಟ್ ಜೆರಾಕ್ಸ್ ಇರಬೇಕು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜನ್ಮದಿನಾಂಕಕ್ಕೆ, ಗುರುತಿಗೆ ಆಧಾರ್, ಸರ್ಕಾರಿ ಕೆಲಸದಲ್ಲಿದ್ದರೆ ಕಚೇರಿಯ ನಿರಾಕ್ಷೇಪಣಾ ಪತ್ರ. ಇವನ್ನೆಲ್ಲ ಜನ ತರುತ್ತಾರೆ. ಎಡವುವುದು ಜಾತಿ ಸರ್ಟಿಫಿಕೇಟಿನಲ್ಲಿ.

ಹರಿಹರದ ಕಡೆಯ ಒಬ್ಬ ಹುಡುಗ ನನ್ನ ಟೇಬಲ್ಲಿಗೆ ಬಂದಿದ್ದ. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದು ಸಾಲಾಗಿ ಜೋಡಿಸಿದ, ಅಷ್ಟು ಅಚ್ಚುಕಟ್ಟು. ಜಾತಿ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿದ್ದ. ನೋಡಿದರೆ ಫಾರಂ ಎಫ್, ಪ್ರವರ್ಗ 2ಎ. ಅದು ರಾಜ್ಯದ ಕೆಲಸಕ್ಕೆ ನಡೆಯುವ ಕಾಗದ. ಕೇಂದ್ರದ ಕಂಪನಿಗೆ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ ಸರ್ಟಿಫಿಕೇಟ್, ಕೆನೆಪದರಕ್ಕೆ ಸೇರಿಲ್ಲ ಅಂತ ಬರೆದಿರುವುದು. ಎರಡನ್ನೂ ಕೊಡುವುದು ಅದೇ ತಹಶೀಲ್ದಾರ್, ಅರ್ಜಿ ಹಾಕುವುದು ಅದೇ ನಾಡಕಚೇರಿಯಲ್ಲಿ, ಆದರೆ ಅರ್ಜಿಯೇ ಬೇರೆ. ಅವನನ್ನು ಕರೆದಿದ್ದು ಒಬಿಸಿ ಕಟಾಫಿನಲ್ಲಿ, ಸಾಮಾನ್ಯ ವರ್ಗದ ಕಟಾಫ್ ಮುಟ್ಟಿರಲಿಲ್ಲ. ಮೇಲಿನವರನ್ನು ಕೇಳಿದೆ, ಆಗಲ್ಲ ಅಂದರು. ಹತ್ತು ದಿನ ಸಮಯ ಕೊಟ್ಟು ಮುಚ್ಚಳಿಕೆ ಬರೆಸಿಕೊಳ್ಳುವ ಕಂಪನಿಗಳೂ ಇವೆ, ನಮ್ಮಲ್ಲಿ ಆ ಸಲ ಇರಲಿಲ್ಲ. ಅವನು ಮತ್ತೆ ಒಂದೊಂದೇ ಕವರಿಗೆ ಹಾಕಿಕೊಂಡ. ಅವನ ಬಸ್ ಟಿಕೆಟ್ ನಾನು ತೆಗೆದುಕೊಳ್ಳುವ ಹಾಗೂ ಇರಲಿಲ್ಲ.

ಅದಕ್ಕೇ ನನ್ನ ಹತ್ತಿರ ಬಂದವರಿಗೆ ಕಾಲ್ ಲೆಟರ್ ಬಂದ ದಿನವೇ ಈ ಒಂದು ಕಾಗದ ತೆಗೆದು ತೋರಿಸಿ ಅನ್ನುತ್ತೇನೆ. ನಮೂನೆ ಸರಿ ಇದ್ದರೆ ಸಾಲದು, ಅಧಿಸೂಚನೆಯಲ್ಲಿ ಹೇಳಿದ ಅವಧಿಯೊಳಗೆ ಕೊಟ್ಟದ್ದಾ ಅಂತ ತಾರೀಖೂ ನೋಡಬೇಕು. ಹೊಸದು ಬೇಕಾದರೆ ನಾಡಕಚೇರಿಗೆ ಓಡಾಡಲು ಹತ್ತು ಹದಿನೈದು ದಿನ ಸಿಗುತ್ತದೆ, ದಿನಾಂಕ ಮುಂದಕ್ಕೆ ಹೋದರೆ ಇನ್ನೂ ನಾಲ್ಕು ದಿನ. ನಿಟುವಳ್ಳಿ ಹುಡುಗಿಯದೂ ಹಳೇದೇ ಇತ್ತು. ಹೊಸದು ಕೈಗೆ ಬಂದಿದ್ದು 17ನೇ ತಾರೀಖು ಸಂಜೆ.