ಲಸ್ಸಿಯೋ, ಮಜ್ಜಿಗೆಯೋ, ಜ್ಯೂಸೋ: ಊಟ ನೋಡಿ ಲೋಟ

“ಊಟ ಖಾರದ್ದು, ಜೊತೆಗೆ ಕರಿದದ್ದೂ ಇದೆ. ಕುಡಿಯಲು ಏನು ಇಡಲಿ? ಜ್ಯೂಸ್ ಸಾಕೋ, ಲಸ್ಸಿಯೇ ಬೇಕೋ, ಇಲ್ಲ ಮಜ್ಜಿಗೆಯಲ್ಲೇ ಮುಗಿಸಬಹುದೋ?”

ಬಾಯಿಗೆ ತೊಂದರೆ ಕೊಡುವುದು ಖಾರವೋ, ಎಣ್ಣೆಯೋ ಎಂಬುದನ್ನು ಮೊದಲು ಬೇರೆ ಮಾಡಿಕೊಳ್ಳಿ. ಖಾರವನ್ನು ಇಳಿಸುವ ಪಾನೀಯ ಎಣ್ಣೆಯ ಜಿಡ್ಡನ್ನು ಅಷ್ಟಾಗಿ ತೊಳೆಯುವುದಿಲ್ಲ. ಜಿಡ್ಡನ್ನು ತೊಳೆಯುವ ಪಾನೀಯ ಎಷ್ಟೋ ಸಲ ಖಾರವನ್ನು ಕೆರಳಿಸುತ್ತದೆ. ಇದನ್ನು ಗಮನಿಸದೆ ‘ಎಲ್ಲಕ್ಕೂ ಮಸಾಲೆ ಮಜ್ಜಿಗೆ’ ಎಂದು ಹೊರಟರೆ ಅರ್ಧ ಜನ ಲೋಟ ಇಟ್ಟು ನೀರು ಕೇಳುತ್ತಾರೆ.

ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ನಾಲಗೆಯ ನರಗಳಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಎಚ್ಚರಗೊಳ್ಳುವ ಅದನ್ನು ಕ್ಯಾಪ್ಸೈಸಿನ್ ಬಿಸಿಯಿಲ್ಲದೆಯೇ ಎಬ್ಬಿಸಿಬಿಡುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಿಕ್ಕಿತು. ಒಂದೇ ಕೋಳಿ ಸಾರು ಕುದಿಯುತ್ತಿರುವಾಗ ಬೆಂಕಿಯಂತಿದ್ದು, ಆರಿದ ಮೇಲೆ ಸೌಮ್ಯವಾಗುವುದಕ್ಕೆ ಕಾರಣವೂ ಇದೇ. ಅಡುಗೆಯ ಬಿಸಿ ಮತ್ತು ಮೆಣಸಿನಕಾಯಿಯ ಬಿಸಿ ಎರಡೂ ಒಂದೇ ಬಾಗಿಲು ಬಡಿಯುತ್ತವೆ. ಹುಳಿಗೂ ಆ ಗ್ರಾಹಕವನ್ನು ಕೆರಳಿಸುವ ಗುಣವಿದೆ. ಈ ಕೊನೆಯ ಮಾತು ಜ್ಯೂಸಿನ ವಿಷಯ ಬಂದಾಗ ಬೇಕಾಗುತ್ತದೆ.

ಹಾಗಾದರೆ ಖಾರವನ್ನು ಇಳಿಸುವುದು ಯಾವುದು? ಹಾಲಿನ ಕೊಬ್ಬೇ ಎಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ ಖಾರದ ಟೊಮೆಟೊ ರಸ ಕುಡಿಸಿ, ಅದರ ಮೇಲೆ ಬೇರೆ ಬೇರೆ ಪಾನೀಯ ಕೊಟ್ಟು ಉರಿಯನ್ನು ಅಳೆದರು. ಕೆನೆ ತೆಗೆದ ಹಾಲೂ ಕೆನೆಯುಳ್ಳ ಹಾಲೂ ಹೆಚ್ಚುಕಡಿಮೆ ಒಂದೇ ಸಮ ಕೆಲಸ ಮಾಡಿದವು. ಸಕ್ಕರೆ ಹಾಕಿದ ಹಣ್ಣಿನ ರುಚಿಯ ಪಾನೀಯವೂ ಚೆನ್ನಾಗಿಯೇ ಕೆಲಸ ಮಾಡಿತು. ಗುಳ್ಳೆಯೇಳುವ ಪಾನೀಯಗಳು ಹಿಂದೆ ಬಿದ್ದವು. ಅಂದರೆ ಹಾಲಿನ ಪ್ರೋಟೀನ್ ದೊಡ್ಡ ಕೆಲಸ ಮಾಡುತ್ತದೆ, ಅದರಲ್ಲೂ ಕೇಸಿನ್ ಕ್ಯಾಪ್ಸೈಸಿನ್‌ಗೆ ಅಂಟಿಕೊಂಡು ಅದನ್ನು ನಾಲಗೆಯಿಂದ ಬಿಡಿಸುತ್ತದೆ ಎಂಬುದು ವಿವರಣೆ. ಸಿಹಿ ತನ್ನ ಪಾಲಿನ ಸಹಾಯ ಮಾಡುತ್ತದೆ.

ಈ ಲೆಕ್ಕದಲ್ಲಿ ನಮ್ಮ ಮಜ್ಜಿಗೆಯನ್ನು ನೋಡಿ. ಒಂದು ಪಾಲು ಮೊಸರಿಗೆ ನಾಲ್ಕು ಪಾಲು ನೀರು ಬೆರೆಸಿದ ನೀರುಮಜ್ಜಿಗೆಯ 250 ಮಿಲಿಲೀಟರ್ ಲೋಟದಲ್ಲಿ ಇರುವ ಮೊಸರು ಬರೀ 50 ಮಿಲಿಲೀಟರ್. ಅದರಲ್ಲಿ ಪ್ರೋಟೀನ್ ಎರಡು ಗ್ರಾಂ ಕೂಡ ಇರುವುದಿಲ್ಲ. ಅದಕ್ಕೆ ಹಸಿಮೆಣಸಿನಕಾಯಿ, ಶುಂಠಿ ಜಜ್ಜಿ ಹಾಕಿದರೆ ಇಳಿಸುವುದಿರಲಿ, ಹೊಸ ಖಾರವನ್ನು ಕುಡಿಸಿದಂತಾಗುತ್ತದೆ. ಶುಂಠಿಯ ಖಾರವೂ ಅದೇ ಗ್ರಾಹಕವನ್ನು ಮುಟ್ಟುತ್ತದೆ. ಆದ್ದರಿಂದ ನಿಜವಾದ ಖಾರದ ಊಟಕ್ಕೆ, ಉದಾಹರಣೆಗೆ ಆಂಧ್ರ ಶೈಲಿಯ ಊಟಕ್ಕೋ ನಾಟಿ ಕೋಳಿ ಸಾರಿನ ಮುದ್ದೆಗೋ, ಮಸಾಲೆ ಮಜ್ಜಿಗೆ ನನ್ನ ಕೊನೆಯ ಆಯ್ಕೆ. ಮೊಸರಿಗೆ ಸಮ ನೀರು ಅಥವಾ ಒಂದೂವರೆ ಪಾಲು ನೀರು ಹಾಕಿದ ಮಂದವಾದ ಮಜ್ಜಿಗೆ ಇರಲಿ. ಉಪ್ಪು, ಹುರಿದ ಜೀರಿಗೆ ಪುಡಿ ಸಾಕು. ಲಸ್ಸಿ ಇದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಪ್ರೋಟೀನ್, ಸಿಹಿ, ತಂಪು ಮೂರೂ ಇವೆ. ಆದರೆ ದೊಡ್ಡ ಲೋಟ ಬೇಡ, 100 ಮಿಲಿಲೀಟರ್ ಸಾಕು. ಗುಟುಕನ್ನು ಒಂದೆರಡು ಕ್ಷಣ ಬಾಯಲ್ಲಿ ಹಿಡಿದು ನುಂಗಬೇಕು. ಉರಿ ಇರುವುದು ನಾಲಗೆಯ ಮೇಲೆ, ಗಂಟಲಿಗೆ ಸುರಿದುಕೊಂಡರೆ ಪ್ರಯೋಜನವಿಲ್ಲ.

ಉತ್ತರ ಕರ್ನಾಟಕದ ತಟ್ಟೆ ಇದನ್ನು ಯಾವ ಪ್ರಯೋಗಾಲಯವೂ ಇಲ್ಲದೆ ಬಗೆಹರಿಸಿಕೊಂಡಿದೆ. ರೊಟ್ಟಿಯ ಜೊತೆ ಕೆಂಪು ರಂಜಕ ಹಾಕಿದವರು ಪಕ್ಕದಲ್ಲೇ ಬೆಣ್ಣೆಯನ್ನೋ ಗಟ್ಟಿ ಮೊಸರನ್ನೋ ಇಡುತ್ತಾರೆ. ಬೆಣ್ಣೆಯ ಕೊಬ್ಬಿನಲ್ಲಿ ಖಾರ ಕರಗುತ್ತದೆ, ಮೊಸರಿನ ಕೇಸಿನ್ ಅದನ್ನು ಹಿಡಿಯುತ್ತದೆ. ಅಲ್ಲಿ ಲೋಟದ ಕೆಲಸವನ್ನು ಬಟ್ಟಲೇ ಮಾಡಿ ಮುಗಿಸಿರುತ್ತದೆ.

ಕರಿದ ತಿಂಡಿಯ ಮಾತು ಬೇರೆ. ಅಲ್ಲಿ ಸಮಸ್ಯೆ ಬಾಯಿಯ ಒಳಗೆಲ್ಲ ಹತ್ತಿಕೊಂಡ ಎಣ್ಣೆ. ಹುಳಿ ಬಾಯಲ್ಲಿ ಜೊಲ್ಲು ತರಿಸುತ್ತದೆ, ಜೊಲ್ಲು ಜಿಡ್ಡನ್ನು ಎಬ್ಬಿಸುತ್ತದೆ, ನಾಲಗೆ ಮುಂದಿನ ತುತ್ತಿಗೆ ತಯಾರಾಗುತ್ತದೆ. ಇಲ್ಲಿ ಲಸ್ಸಿ ಸೋಲುತ್ತದೆ. ಎಣ್ಣೆಯ ಮೇಲೆ ಕೆನೆ ಕೂತು ಮೂರನೆಯ ಬೋಂಡಾಕ್ಕೆ ಕೈ ಹೋಗುವುದಿಲ್ಲ. ತೆಳ್ಳನೆಯ, ಸ್ವಲ್ಪ ಹುಳಿಯಾದ ಮಜ್ಜಿಗೆ ಗೆಲ್ಲುತ್ತದೆ. ಇಂಗು, ಶುಂಠಿ, ಕರಿಬೇವು ಎಲ್ಲವಕ್ಕೂ ಇಲ್ಲಿ ಜಾಗವಿದೆ. ಕರಾವಳಿಯಲ್ಲಿ ರವೆ ಹಾಕಿ ಕರಿದ ಬಂಗುಡೆಗೆ ಪುನರ್ಪುಳಿ ಜ್ಯೂಸ್ ಒಪ್ಪುವುದೂ ಈ ಹುಳಿಯಿಂದಲೇ. ಮೀನಿನೊಂದಿಗೆ ಮೊಸರು, ಮಜ್ಜಿಗೆ ಮುಟ್ಟದ ಮನೆಗಳು ಬಹಳ, ಅವರಿಗೂ ಅದು ಅನುಕೂಲ. ಮೀನಿನ ಮಸಾಲೆ ಜೋರಾಗಿದ್ದರೆ ಅದೇ ಪುನರ್ಪುಳಿಗೆ ತೆಂಗಿನ ಹಾಲು ಬೆರೆಸಿದ ಕೊಂಕಣಿಗರ ಸೋಲ್‌ಕಡಿ ಮೇಲು. ಹುಳಿ ಎಣ್ಣೆಯನ್ನು ನೋಡಿಕೊಂಡರೆ ತೆಂಗಿನ ಕೊಬ್ಬು ಖಾರವನ್ನು ನೋಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ತುಪ್ಪ ಅಥವಾ ವನಸ್ಪತಿಯ ಅಡುಗೆಗೆ ಐಸ್ ಹಾಕಿದ ಪಾನೀಯ ಕೊಡಬೇಡಿ. ತಣ್ಣಗಾದ ಕೂಡಲೇ ಆ ಕೊಬ್ಬು ಅಂಗುಳಿನ ಮೇಲೆ ಗಟ್ಟಿಯಾಗಿ ಮೇಣದ ಪೊರೆಯಂತೆ ಕೂರುತ್ತದೆ. ತುಪ್ಪದ ಬಿರಿಯಾನಿ ತಿಂದು ಐಸ್ ನೀರು ಕುಡಿದವರು ನಾಲಗೆಯಿಂದ ಅಂಗುಳನ್ನು ಉಜ್ಜುತ್ತಾ ಕೂರುವುದನ್ನು ನೋಡಿರುತ್ತೀರಿ. ಮಡಕೆಯ ತಂಪು ಸಾಕು. ‘ಮಜ್ಜಿಗೆ ಕುಡಿದರೆ ಹೊಟ್ಟೆಯಲ್ಲಿನ ಎಣ್ಣೆ ಕರಗುತ್ತದೆ’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ತೊಳೆಯುವುದು ಬಾಯಿ ಮಾತ್ರ, ತಿಂದ ಎಣ್ಣೆ ತಿಂದದ್ದೇ.

ಒಂದು ಊಟವನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಜನರಿಗೆ ಮಧ್ಯಾಹ್ನದ ಊಟ: ಮೊದಲು ಮಿರ್ಚಿ ಬಜ್ಜಿ, ಆಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ರಂಜಕ, ಕೊನೆಗೆ ಶೇಂಗಾ ಹೋಳಿಗೆ. ಬಜ್ಜಿಯಲ್ಲಿ ಎಣ್ಣೆ, ಖಾರ ಎರಡೂ ಇವೆ. ಆದ್ದರಿಂದ ನಡುವಿನ ದಾರಿ: ಒಂದು ಲೀಟರ್ ಮೊಸರಿಗೆ ಎರಡು ಲೀಟರ್ ನೀರು, ಉಪ್ಪು, ಜೀರಿಗೆ, ಇಂಗು, ಹಸಿಮೆಣಸಿನಕಾಯಿ ಇಲ್ಲ. ತಲೆಗೆ 150 ಮಿಲಿಲೀಟರ್ ಬರುತ್ತದೆ. ರೊಟ್ಟಿಗೆ ಪಾನೀಯವನ್ನೇ ಇಡುವುದಿಲ್ಲ, ತಲೆಗೆ 50 ಗ್ರಾಂನಂತೆ ಒಂದು ಕಿಲೋ ಗಟ್ಟಿ ಮೊಸರನ್ನು ಬಟ್ಟಲಿಗೆ ಬಡಿಸುತ್ತೇನೆ. ಹೋಳಿಗೆಗೆ ತುಪ್ಪವಿದೆ, ಬೆಲ್ಲವಿದೆ. ಅದರ ಪಕ್ಕ ಲಸ್ಸಿ ಇಟ್ಟರೆ ಎರಡೂ ಕೆಡುತ್ತವೆ. ಕೊನೆಗೆ ಇನ್ನೊಂದು ಲೀಟರ್ ಮೊಸರಿಗೆ ಮೂರು ಲೀಟರ್ ನೀರು ಹಾಕಿ, ಈ ಸಲ ಶುಂಠಿ, ಕೊತ್ತಂಬರಿ ಸೇರಿಸಿ, ತಲೆಗೆ 200 ಮಿಲಿಲೀಟರ್ ಮಜ್ಜಿಗೆ. ಆ ಹೊತ್ತಿಗೆ ಖಾರ ಇಳಿದಿರುತ್ತದೆ, ಉಳಿದಿರುವುದು ತುಪ್ಪದ ಜಿಡ್ಡು. ಒಟ್ಟು ಮೂರು ಲೀಟರ್ ಮೊಸರಿನಲ್ಲಿ ಊಟ ಮುಗಿಯಿತು, ಲಸ್ಸಿಯ ಹಂಗಿಲ್ಲ.

ಮಜ್ಜಿಗೆ ಕೆಡುವುದು ಹೆಚ್ಚಾಗಿ ಒಗ್ಗರಣೆಯಲ್ಲಿ. ಕಾದ ಎಣ್ಣೆಯನ್ನು ನೇರ ಸುರಿದರೆ ಅದು ಮೇಲೆ ತೇಲುತ್ತದೆ, ಜಿಡ್ಡು ಕಳೆಯಲು ತಂದ ಲೋಟದಲ್ಲೇ ಜಿಡ್ಡು. ಒಗ್ಗರಣೆ ಬೇಕೆಂದರೆ ಅರ್ಧ ಚಮಚ ಎಣ್ಣೆಯಲ್ಲಿ ಮಾಡಿ, ಆರಿಸಿ ಹಾಕಿ. ಲಸ್ಸಿ ಕೆಡುವುದು ಮಿಕ್ಸಿಯಲ್ಲಿ. ಮೊಸರು ತಣ್ಣಗಿಲ್ಲದೆ ಬಹಳ ಹೊತ್ತು ತಿರುಗಿಸಿದರೆ ಬೆಣ್ಣೆ ಬಿಟ್ಟುಕೊಳ್ಳುತ್ತದೆ. ಲೋಟದ ಅಂಚಿಗೆ ಸಣ್ಣ ಸಣ್ಣ ಕಾಳು ಹತ್ತಿಕೊಂಡಿದ್ದರೆ ಅದೇ ಗುರುತು. ಫ್ರಿಜ್‌ನ ಮೊಸರನ್ನು ಕಡೆಗೋಲಿನಲ್ಲಿ ಕಡೆದರೆ ಈ ತಾಪತ್ರಯವಿಲ್ಲ. ಲಸ್ಸಿಗೆ ಹುಳಿ ಮೊಸರು ಹಾಕಬೇಡಿ, ಹುಳಿ ಮುಚ್ಚಲು ಸಕ್ಕರೆ ಸುರಿಯುತ್ತಾ ಹೋಗಬೇಕಾಗುತ್ತದೆ.

ಇನ್ನು ಜ್ಯೂಸ್. ಖಾರದ ಊಟದ ನಡುವೆ ಅನಾನಸ್ ಜ್ಯೂಸ್ ಬೇಡವೇ ಬೇಡ. ಅದರ ಹುಳಿ, ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಎರಡೂ ಮೊದಲೇ ಉರಿಯುವ ನಾಲಗೆಯನ್ನು ಕಚ್ಚುತ್ತವೆ. ಹಸಿ ಅನಾನಸನ್ನು ಲಸ್ಸಿಗೆ ಹಾಕಿಟ್ಟರೂ ಅದೇ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ತರುತ್ತದೆ. ಹಣ್ಣನ್ನು ಬೇಯಿಸಿ ಹಾಕಿದರೆ ಕಹಿಯಿಲ್ಲ. ನಿಂಬೆ ಶರಬತ್ತು ಕರಿದದ್ದಕ್ಕೆ ಸೊಗಸು. ಖಾರಕ್ಕೆ ಕೊಡುವುದಾದರೆ ಸಿಹಿ ಮುಂದಿರಬೇಕು, ಹುಳಿ ಹಿಂದಿರಬೇಕು. ಕಲ್ಲಂಗಡಿ ಯಾರಿಗೂ ತೊಂದರೆ ಕೊಡದ ಹಣ್ಣು, ಹಾಗೆಯೇ ದೊಡ್ಡ ಉಪಕಾರವನ್ನೂ ಮಾಡದು. ಹಾಲು, ಮೊಸರು ಒಗ್ಗದ ಅತಿಥಿ ಇದ್ದರೆ ಅದನ್ನು ಮಾಡಿಸುತ್ತೇನೆ, ಸಕ್ಕರೆ ಹಾಕದೆ. ಮೋಸಂಬಿ ಬೇಕೆಂದು ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಅದನ್ನು ಬೆಳಿಗ್ಗೆಯೇ ಹಿಂಡಿಸಿ ಇಡಬೇಡಿ. ಇಟ್ಟಷ್ಟೂ ಕಹಿಯೇರುವ ರಸ ಅದು. ಬಜ್ಜಿ ಬಾಣಲೆಯಿಂದ ಏಳುವಾಗ ಹಣ್ಣು ಕೊಯ್ದರೆ ಸರಿಯಾದ ಹೊತ್ತು.