ಮೊದಲ ಮೂರು ಡೋಸ್‌ಗಳಲ್ಲಿ ನಾನು ಮಾಡಿದ ತಪ್ಪು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್. ವೈದ್ಯರು ಬರೆದ ಔಷಧಗಳ ಪ್ರಮಾಣ ರೋಗಿಯ ತೂಕ, ವಯಸ್ಸು, ಕಿಡ್ನಿ, ಲಿವರ್‌ಗೆ ಹೊಂದುತ್ತದೆಯೇ ಎಂದು ವಾರ್ಡಿನಲ್ಲೇ ನಿಂತು ನೋಡುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಎರಡನೇ ವರ್ಷದಲ್ಲಿ ಆದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೇ ಜಾಗದಲ್ಲಿ ಎಡವುವುದನ್ನು ಈಗಲೂ ನೋಡುತ್ತೇನೆ.

ರೋಗಿ ಕಾಮಾಕ್ಷಿಪಾಳ್ಯದ ಕಡೆಯವರು. ವಯಸ್ಸು 58, ತೂಕ 60 ಕೆ.ಜಿ., ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಬಲಗಾಲು ಮೊಣಕಾಲಿನವರೆಗೆ ಕೆಂಪಾಗಿ ಊದಿಕೊಂಡಿತ್ತು, ಜ್ವರವಿತ್ತು. ಗಾಯದ ಕೀವಿನಲ್ಲಿ ಎಂಆರ್‌ಎಸ್‌ಎ ಎಂಬ, ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದಿತ್ತು. ಕಿಡ್ನಿ ಎಷ್ಟು ಸೋತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ 4.2 ಇತ್ತು. ಲೆಕ್ಕ ಹಾಕಿದರೆ ಕಿಡ್ನಿ ನಿಮಿಷಕ್ಕೆ 16 ಮಿ.ಲೀ. ಮಾತ್ರ ಶೋಧಿಸುತ್ತಿತ್ತು, ಆರೋಗ್ಯವಂತರಲ್ಲಿ ಅದು 100ರ ಆಸುಪಾಸಿನಲ್ಲಿರುತ್ತದೆ. ಕಿಡ್ನಿಗೆ ಇನ್ನಷ್ಟು ಪೆಟ್ಟು ಬೀಳಬಾರದೆಂದು ವೈದ್ಯರು ವ್ಯಾಂಕೊಮೈಸಿನ್ ಬಿಟ್ಟು ಟೈಕೊಪ್ಲಾನಿನ್ ಆರಿಸಿದರು.

ಇಂಥ ಚರ್ಮದ ಸೋಂಕಿಗೆ ಟೈಕೊಪ್ಲಾನಿನ್ ಕೊಡುವ ಕ್ರಮ ಹೀಗಿದೆ: ಕೆ.ಜಿ.ಗೆ 6 ಮಿ.ಗ್ರಾಂ.ನಂತೆ, ಅಂದರೆ ಸಾಮಾನ್ಯವಾಗಿ 400 ಮಿ.ಗ್ರಾಂ., 12 ಗಂಟೆಗೊಮ್ಮೆ ಮೂರು ಸಲ. ಇದು ಲೋಡಿಂಗ್ ಡೋಸ್. ಆಮೇಲೆ ದಿನಕ್ಕೆ ಒಂದೇ ಸಲ. ವೈದ್ಯರು ಹಾಗೆಯೇ ಬರೆದಿದ್ದರು. ನಾನು ಕ್ರಿಯಾಟಿನಿನ್ ನೋಡಿದೆ, ಕೈಯಲ್ಲಿದ್ದ ಕೋಷ್ಟಕ ತೆರೆದೆ. ಶೋಧನೆ 30ಕ್ಕಿಂತ ಕಡಿಮೆಯಿದ್ದರೆ ಮೂರು ದಿನಕ್ಕೊಮ್ಮೆ ಒಂದು ಡೋಸ್ ಎಂದು ಅದರಲ್ಲಿತ್ತು. ಕೂಡಲೇ ವೈದ್ಯರಿಗೆ ಫೋನ್ ಮಾಡಿ, ‘ಇವತ್ತು 400 ಕೊಡೋಣ, ಮುಂದಿನದು ಗುರುವಾರ’ ಎಂದೆ. ಅವರು ನನ್ನ ಮಾತನ್ನು ನಂಬಿ ಚಾರ್ಟ್ ಬದಲಿಸಿದರು. ಅದು ಸೋಮವಾರ ಸಂಜೆ. ಅದೇ ಕೋಷ್ಟಕದ ಕೆಳಗೆ, ಪ್ರಮಾಣವನ್ನು ನಾಲ್ಕನೇ ದಿನದಿಂದ ಮಾತ್ರ ಇಳಿಸಬೇಕು ಎಂಬ ಸಾಲಿತ್ತು. ಅದನ್ನು ನಾನು ಓದಿರಲಿಲ್ಲ.

ಕೆಂಪು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಸಿಸ್ಟರ್ ಒಬ್ಬರು ಕಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿದ್ದರು. ಗುರುವಾರ ಬೆಳಗಿನ ಸುತ್ತಿನಲ್ಲಿ ನೋಡಿದಾಗ ಕೆಂಪು ಆ ಗೆರೆಯನ್ನು ಎರಡು ಬೆರಳಿನಷ್ಟು ದಾಟಿತ್ತು. ಜ್ವರ ಇಳಿದಿರಲಿಲ್ಲ. ಔಷಧ ಬ್ಯಾಕ್ಟೀರಿಯಾಗೆ ತಾಗುತ್ತಿಲ್ಲವೇ, ಬೇರೆಯದಕ್ಕೆ ಬದಲಿಸಬೇಕೇ ಎಂಬ ಚರ್ಚೆ ಶುರುವಾಯಿತು. ನಮ್ಮ ವಿಭಾಗದ ಹಿರಿಯರೊಬ್ಬರು ಚಾರ್ಟ್ ತಿರುವಿ ಹಾಕಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ‘ಕಿಡ್ನಿ ಕೆಟ್ಟರೆ ಈ ಮನುಷ್ಯನ ದೇಹ ಚಿಕ್ಕದಾಗುತ್ತದೆಯೇ?’

ಅವರು ಕೇಳಿದ್ದರ ಅರ್ಥ ಇದು. ಔಷಧ ರಕ್ತದಲ್ಲಷ್ಟೇ ಉಳಿಯುವುದಿಲ್ಲ. ಸ್ನಾಯು, ಚರ್ಮ, ಇತರ ಅಂಗಾಂಶಗಳಿಗೆಲ್ಲ ಹರಡಿಕೊಳ್ಳುತ್ತದೆ. ಹೀಗೆ ಹರಡಿಕೊಳ್ಳಲು ಅದಕ್ಕೆ ದೇಹದಲ್ಲಿ ಎಷ್ಟು ಲೀಟರ್ ಜಾಗ ಇದ್ದಂತೆ ತೋರುತ್ತದೋ ಅದನ್ನು ಹಂಚಿಕೆ ಗಾತ್ರ ಎನ್ನುತ್ತಾರೆ. ಟೈಕೊಪ್ಲಾನಿನ್‌ಗೆ ಅದು ಸರಿಸುಮಾರು ಕೆ.ಜಿ.ಗೆ ಒಂದು ಲೀಟರ್. ಅಂದರೆ ಈ ರೋಗಿಯಲ್ಲಿ 60 ಲೀಟರ್. ಸೋಂಕು ಬಗ್ಗಬೇಕಾದರೆ ಮುಂದಿನ ಡೋಸ್‌ಗೆ ಸ್ವಲ್ಪ ಮೊದಲು, ಮಟ್ಟ ಅತಿ ಕೆಳಗಿರುವ ಹೊತ್ತಿನಲ್ಲೂ, ರಕ್ತದಲ್ಲಿ ಲೀಟರಿಗೆ ಕನಿಷ್ಠ 15 ಮಿ.ಗ್ರಾಂ. ಇರಬೇಕು. 20ರ ಗುರಿ ಇಟ್ಟುಕೊಂಡರೆ 60 ಲೀಟರಿಗೆ 1,200 ಮಿ.ಗ್ರಾಂ. ಬೇಕು. 400 ಮಿ.ಗ್ರಾಂ.ನ ಮೂರು ಡೋಸ್ ಎಂದರೆ ಸರಿಯಾಗಿ ಅಷ್ಟೇ. ಈ ಗುಣಾಕಾರದಲ್ಲಿ ತೂಕವಿದೆ, ಗುರಿಯಿದೆ. ಕಿಡ್ನಿ ಎಲ್ಲಿಯೂ ಇಲ್ಲ.

ಕಿಡ್ನಿ ಬರುವುದು ಆಮೇಲೆ. ತುಂಬಿದ ದೇಹದಿಂದ ದಿನಕ್ಕೆ ಎಷ್ಟು ಔಷಧ ಹೊರಹೋಗುತ್ತದೋ ಅಷ್ಟನ್ನು ಮರಳಿ ಕೊಡುವುದು ಮೇಂಟೆನೆನ್ಸ್ ಡೋಸ್. ಟೈಕೊಪ್ಲಾನಿನ್ ಹೊರಹೋಗುವುದು ಬಹುತೇಕ ಕಿಡ್ನಿಯ ಮೂಲಕವೇ. ಆದ್ದರಿಂದ ಕಿಡ್ನಿ ಸೋತಾಗ ಇಳಿಸಬೇಕಾದದ್ದು ಇದನ್ನು. ಹಾಗಾಗಿಯೇ ನಾಲ್ಕನೇ ದಿನದಿಂದ ಶೋಧನೆ 30ರಿಂದ 80ರವರೆಗೆ ಇರುವವರಿಗೆ ಎರಡು ದಿನಕ್ಕೊಮ್ಮೆ, 30ಕ್ಕಿಂತ ಕಡಿಮೆ ಇರುವವರಿಗೆ ಮೂರು ದಿನಕ್ಕೊಮ್ಮೆ ಕೊಡುತ್ತಾರೆ. ನಾನು ಎರಡನೆಯ ಲೆಕ್ಕವನ್ನು ತಂದು ಮೊದಲನೆಯದರ ಮೇಲೆ ಹಾಕಿದ್ದೆ.

ನನ್ನನ್ನು ಹೆಚ್ಚು ತಟ್ಟಿದ್ದು ಮುಂದಿನ ಮಾತು. ಲೋಡಿಂಗ್ ಇಲ್ಲದೆ ಮೇಂಟೆನೆನ್ಸ್ ಡೋಸ್ ಮಾತ್ರ ಕೊಡುತ್ತಾ ಹೋದರೂ ಔಷಧ ಕೊನೆಗೆ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಎಷ್ಟು ದಿನದಲ್ಲಿ ಎಂಬುದನ್ನು ಹೇಳುವುದು ಅರ್ಧಾಯು, ಅಂದರೆ ದೇಹದಲ್ಲಿರುವ ಔಷಧ ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಒಂದು ಅರ್ಧಾಯುವಿನಲ್ಲಿ ಅರ್ಧ ದಾರಿ, ಎರಡರಲ್ಲಿ ಮುಕ್ಕಾಲು, ನಾಲ್ಕೈದರಲ್ಲಿ ಹತ್ತಿರಹತ್ತಿರ ಪೂರ್ತಿ. ಕಿಡ್ನಿ ಸರಿಯಿರುವವರಲ್ಲೇ ಟೈಕೊಪ್ಲಾನಿನ್‌ನ ಅರ್ಧಾಯು 100ರಿಂದ 170 ಗಂಟೆ. ಕಾಲಿನಲ್ಲಿ ಸೋಂಕು ಏರುತ್ತಿರುವವರು ಅರ್ಧ ದಾರಿ ಮುಟ್ಟಲು ನಾಲ್ಕರಿಂದ ಏಳು ದಿನ ಕಾಯಬೇಕು! ಕಿಡ್ನಿ ಸೋತವರಲ್ಲಿ ಅರ್ಧಾಯು ಇನ್ನೂ ಉದ್ದವಾಗುವುದರಿಂದ ಕಾಯುವ ದಿನಗಳೂ ಹೆಚ್ಚುತ್ತವೆ. ಲೋಡಿಂಗ್ ಡೋಸ್‌ನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದದ್ದು ಯಾರಿಗೋ ಅವರಿಗೇ ನಾನು ಅದನ್ನು ತಪ್ಪಿಸಿದ್ದೆ.

ಮುಂದಿನ ಲೆಕ್ಕವನ್ನು ಹಿರಿಯರು ನನ್ನಿಂದಲೇ ಮಾಡಿಸಿದರು. ಸೋಮವಾರದ 400 ಮಿ.ಗ್ರಾಂ. ಅನ್ನು 60 ಲೀಟರಿಗೆ ಹಂಚಿದರೆ ಲೀಟರಿಗೆ 6.7. ಅರ್ಧಾಯು ಎಂಟು ದಿನವೆಂದು ಇಟ್ಟುಕೊಂಡರೆ ಗುರುವಾರ ಬೆಳಿಗ್ಗೆ ಉಳಿದಿರುವುದು 5ರ ಸುತ್ತಮುತ್ತ. ಗುರಿಗೆ ಇನ್ನೂ 15 ಬೇಕು. 60 ಲೀಟರಿಗೆ 900 ಮಿ.ಗ್ರಾಂ. ಔಷಧ ಬದಲಿಸುವ ಮಾತನ್ನು ಅಲ್ಲಿಗೇ ಬಿಟ್ಟು, ಗುರುವಾರ ಬೆಳಿಗ್ಗೆ 400, ರಾತ್ರಿ 400 ಕೊಡುವುದೆಂದು ತೀರ್ಮಾನವಾಯಿತು. ಅಷ್ಟಾದರೆ ಮಟ್ಟ 18ರ ಆಸುಪಾಸಿಗೆ ಬರಬೇಕು. ಮೊದಲೇ ಸರಿಯಾಗಿ ಕೊಟ್ಟಿದ್ದರೆ ಮಂಗಳವಾರ ರಾತ್ರಿಯೊಳಗೆ ಅಲ್ಲಿಗೆ ಬಂದಿರುತ್ತಿತ್ತು.

ಒಂದೇ ಸಲಕ್ಕೆ 1,200 ಕೊಡದೆ ಮೂರು ಭಾಗ ಮಾಡುವುದೇಕೆ ಎಂದು ಈಗಿನ ವಿದ್ಯಾರ್ಥಿಗಳು ಕೇಳುತ್ತಾರೆ. ಆ 60 ಲೀಟರ್ ಒಂದೇ ಕೋಣೆಯಲ್ಲ. ಔಷಧ ಮೊದಲು ರಕ್ತಕ್ಕೆ ಬರುತ್ತದೆ, ಅಲ್ಲಿಂದ ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಒಳಗಿನ ಅಂಗಾಂಶಗಳಿಗೆ ಸರಿಯುತ್ತದೆ. ಹಾಗೆ ಸರಿಯಲು ಬಿಡುವು ಕೊಟ್ಟು ತುಂಬಬೇಕು. ನಾನು ಮೇಲೆ ಬರೆದ ಲೆಕ್ಕ ಒಂದೇ ಕೋಣೆಯದು, ಆದ್ದರಿಂದ ಅದು ಅಂದಾಜು. ಎಷ್ಟು ಕಡಿಮೆ ಬಿದ್ದಿದೆ ಎಂದು ತಿಳಿಯಲು ಅಷ್ಟು ಸಾಕು.

ಗುರುವಾರ ಮಧ್ಯಾಹ್ನ ರೋಗಿಯ ಮಗಳು ನನ್ನನ್ನು ತಡೆದು ನಿಲ್ಲಿಸಿದರು. ‘ಮೇಡಂ, ಅಪ್ಪನ ಕಿಡ್ನಿ ಸರಿಯಿಲ್ಲ, ಔಷಧ ಕಡಿಮೆ ಕೊಡಬೇಕು ಎಂದು ನೀವೇ ಹೇಳಿದ್ದಿರಿ. ಇವತ್ತು ಒಂದೇ ದಿನ ಎರಡು ಸಲ ಏಕೆ?’ ಅವರ ಭಯ ನ್ಯಾಯವಾದದ್ದು. ನನ್ನ ತಪ್ಪನ್ನು ಮುಚ್ಚಿಡದೆ ಹೇಳಿದೆ. ಆಮೇಲೆ ಅವರ ಮನೆಯ ಸಂಪಿನ ಬಗ್ಗೆ ಕೇಳಿದೆ.

‘ಹೊಸ ಮನೆಗೆ ಹೋದ ದಿನ ಸಂಪು ಖಾಲಿ. ಏನು ಮಾಡುತ್ತೀರಿ?’

‘ಟ್ಯಾಂಕರ್ ತರಿಸುತ್ತೇವೆ.’

‘ಆಮೇಲೆ?’

‘ಆಮೇಲೆ ಕಾವೇರಿ ನೀರು ಬಂದಾಗ ಖರ್ಚಾದಷ್ಟು ತುಂಬಿಕೊಳ್ಳುತ್ತದೆ.’

‘ಮನೆಯವರೆಲ್ಲ ಊರಿಗೆ ಹೋಗಿ ಒಬ್ಬರೇ ಉಳಿದರೆ ಖರ್ಚು ಕಡಿಮೆಯಾಗುತ್ತದೆ, ತುಂಬಬೇಕಾದ್ದೂ ಕಡಿಮೆ. ಆದರೆ ಸಂಪು ಚಿಕ್ಕದಾಗುತ್ತದೆಯೇ? ಅಪ್ಪನ ಕಿಡ್ನಿ ಸೋತಿರುವುದು ಎಂದರೆ ಖರ್ಚು ಕಡಿಮೆಯಾಗಿದೆ ಎಂದು. ಸಂಪು ಇನ್ನೂ ತುಂಬಿಲ್ಲ. ಅದನ್ನು ಇವತ್ತು ತುಂಬುತ್ತೇವೆ, ಆಮೇಲೆ ಮೂರು ದಿನಕ್ಕೊಮ್ಮೆ ಮಾತ್ರ.’

ಅವರು ತಲೆಯಾಡಿಸಿದರು. ಅಂದಿನಿಂದ ನಾನು ಇದನ್ನು ಸಂಪಿನ ಹೋಲಿಕೆಯಿಂದಲೇ ಹೇಳಿಕೊಡುತ್ತೇನೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ವಿಷಯದಲ್ಲಿ ಕಿಡ್ನಿ ತೀರಾ ಸೋತಾಗ ಸಂಪೇ ಚಿಕ್ಕದಾಗುತ್ತದೆ; ಅಂಗಾಂಶಗಳು ಔಷಧವನ್ನು ಮೊದಲಿನಷ್ಟು ಹಿಡಿದಿಟ್ಟುಕೊಳ್ಳುವುದಿಲ್ಲ. ಅಲ್ಲಿ ಲೋಡಿಂಗ್ ಡೋಸನ್ನೂ ಇಳಿಸಲೇಬೇಕು. ಮೈಯೆಲ್ಲ ನೀರು ತುಂಬಿಕೊಂಡಿರುವ ಐಸಿಯು ರೋಗಿಯಲ್ಲಿ ಕೆಲವು ಆಂಟಿಬಯಾಟಿಕ್‌ಗಳಿಗೆ ಸಂಪು ದೊಡ್ಡದಾಗುತ್ತದೆ. ಅಮಾಕ್ಸಿಸಿಲಿನ್‌ನಂತೆ ಒಂದು ಗಂಟೆಯ ಅರ್ಧಾಯುವಿನ ಔಷಧಕ್ಕೆ ಸಾಮಾನ್ಯವಾಗಿ ಈ ಲೆಕ್ಕವೇ ಬೇಡ. ಅದು ಕೆಲವೇ ಗಂಟೆಗಳಲ್ಲಿ ತನ್ನ ಮಟ್ಟಕ್ಕೆ ಬಂದುಬಿಡುತ್ತದೆ.

ನನ್ನದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಇದೆ, ಅದು ಹೆಚ್ಚು ಅಪಾಯಕಾರಿ. ಲೋಡಿಂಗ್ ಮುಗಿದ ಮೇಲೂ ಚಾರ್ಟಿನಲ್ಲಿ ಅದೇ ಸಾಲು ಮುಂದುವರಿದು, ದೊಡ್ಡ ಪ್ರಮಾಣ ದಿನವೂ ಹೋಗುತ್ತಿರುವುದು. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆ 2010ರಲ್ಲಿ ಲೋಡಿಂಗ್ ಡೋಸ್‌ಗಳಿಂದಾಗುವ ಸಾವುಗಳನ್ನು ತಡೆಯಲೆಂದೇ ಎಚ್ಚರಿಕೆ ಹೊರಡಿಸಿ ವಾರ್ಫರಿನ್, ಅಮಿಯೊಡರೋನ್, ಡಿಗಾಕ್ಸಿನ್, ಫೆನಿಟಾಯಿನ್‌ಗಳನ್ನು ಹೆಸರಿಸಿತ್ತು. ಆದ್ದರಿಂದ ಈಗ ನಾನು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಬಿಡುವುದಿಲ್ಲ. ಮೊದಲ ಸಾಲಿನಲ್ಲಿ ಲೋಡಿಂಗ್, ಎಷ್ಟು ಡೋಸ್, ಯಾವ ಯಾವ ಹೊತ್ತಿಗೆ, ಅಲ್ಲಿಗೆ ಅಡ್ಡಗೆರೆ. ಎರಡನೇ ಸಾಲಿನಲ್ಲಿ ಮೇಂಟೆನೆನ್ಸ್, ಯಾವ ತಾರೀಖಿನಿಂದ. ಕ್ರಿಯಾಟಿನಿನ್ ಎರಡನೇ ಸಾಲಿಗೆ, ತೂಕ ಮೊದಲನೆಯದಕ್ಕೆ. ತೂಕವನ್ನು ಅಂದಾಜಿನಲ್ಲಿ ಬರೆದಿದ್ದರೆ ತಕ್ಕಡಿ ತರಿಸುತ್ತೇನೆ.

ಆ ರೋಗಿಯ ಜ್ವರ ಶನಿವಾರ ಇಳಿಯಿತು. ಗುರುವಾರವೇ ಶಸ್ತ್ರಚಿಕಿತ್ಸಕರು ಕಾಲಿನ ಕೀವನ್ನು ಬಸಿದಿದ್ದರು, ಆದ್ದರಿಂದ ಗುಣವನ್ನೆಲ್ಲ ಔಷಧದ ಲೆಕ್ಕಕ್ಕೆ ಬರೆಯಲಾರೆ. ಭಾನುವಾರದ ಡೋಸ್‌ಗೆ ಮೊದಲು ರಕ್ತ ತೆಗೆದು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಮೂರು ದಿನ ಬಿಟ್ಟು ಬಂದ ವರದಿಯಲ್ಲಿ ಲೀಟರಿಗೆ 16 ಮಿ.ಗ್ರಾಂ. ಎಂದಿತ್ತು. ಅಷ್ಟು ಹೊತ್ತಿಗೆ ಕೆಂಪು ಸಿಸ್ಟರ್ ಎಳೆದ ಗೆರೆಯಿಂದ ಒಳಕ್ಕೆ ಸರಿದು, ಗೆರೆಯೂ ಅರ್ಧ ಅಳಿಸಿಹೋಗಿತ್ತು. ಡಿಸ್ಚಾರ್ಜ್ ದಿನ ಉಳಿದ ಎರಡು ಡೋಸ್‌ಗಳ ತಾರೀಖುಗಳನ್ನು, ಮೂರು ದಿನಗಳ ಅಂತರದಲ್ಲಿ, ಚೀಟಿಯಲ್ಲಿ ಬರೆದು ಮಗಳ ಕೈಗೆ ಕೊಟ್ಟೆ.