"ಪರಿಣಾಮವಿಲ್ಲ" ಅಲ್ಲ, "ಗೊತ್ತಾಗಲಿಲ್ಲ"

ಪ್ರಸ್ತುತಿಯ ದಿನ ಬೆಳಗ್ಗೆಯವರೆಗೂ ಕೊನೆಯ ಸ್ಲೈಡಿನಲ್ಲಿ ಇದ್ದ ಸಾಲು: "ಬೀಜ ನೆನೆಸುವುದರಿಂದ ಸಸಿಯ ಎತ್ತರದ ಮೇಲೆ ಪರಿಣಾಮವಿಲ್ಲ." ಅದನ್ನು ಅಳಿಸಿದೆವು. ನಮ್ಮ ಅಳತೆಗಳು ಅಷ್ಟು ದೊಡ್ಡ ಮಾತನ್ನು ಹೊರುವಂತಿರಲಿಲ್ಲ.

ನೆನೆಸಿದ ಬೀಜದ 12 ಕುಂಡ, ನೆನೆಸದ 12 ಕುಂಡ. ಸರಾಸರಿ ಎತ್ತರ 24.1 ಮತ್ತು 23.0 ಸೆಂ.ಮೀ. ವ್ಯತ್ಯಾಸ 1.1. ನಿಜವಾದ ವ್ಯತ್ಯಾಸ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಹೇಳುವ 95% ವಿಶ್ವಾಸ ವ್ಯಾಪ್ತಿ −1.4ರಿಂದ 3.6ರವರೆಗೆ. ಕನಿಷ್ಠ 2 ಸೆಂ.ಮೀ. ಹೆಚ್ಚಿದರೆ ಮಾತ್ರ ನೆನೆಸುವ ಶ್ರಮ ಸಾರ್ಥಕ ಎಂದು ಬಿತ್ತುವ ಮೊದಲೇ ಬರೆದಿಟ್ಟಿದ್ದೆವು. ಈ ವ್ಯಾಪ್ತಿಯೊಳಗೆ ಸೊನ್ನೆಯೂ ಇದೆ, 2 ಕೂಡ ಇದೆ. ಹಾಗಾಗಿ ಇದು ನಕಾರಾತ್ಮಕ ಫಲಿತಾಂಶವಲ್ಲ, ತೀರ್ಮಾನವಾಗದ ಫಲಿತಾಂಶ. ವ್ಯಾಪ್ತಿ −1.2ರಿಂದ 1.6ರವರೆಗೆ ಬಂದಿದ್ದರೆ "ನಮಗೆ ಬೇಕಾದಷ್ಟು ಲಾಭವಿಲ್ಲ" ಎಂದು ಧೈರ್ಯವಾಗಿ ಹೇಳಬಹುದಿತ್ತು. p ಬೆಲೆ 0.05ಕ್ಕಿಂತ ಹೆಚ್ಚಿದೆ ಎಂಬುದೊಂದರಿಂದಲೇ ಈ ಎರಡನ್ನು ಬೇರ್ಪಡಿಸಲಾಗದು. ವ್ಯಾಪ್ತಿಯನ್ನು ತೋರಿಸಲೇಬೇಕು.

ಇಷ್ಟು ಅಗಲದ ವ್ಯಾಪ್ತಿ ಏಕೆ ಬಂತು? ಇದಕ್ಕೆ ಉತ್ತರ ಹೇಳುವ ಸ್ಲೈಡೇ ನನ್ನ ಲೆಕ್ಕದಲ್ಲಿ ಇಡೀ ಪ್ರಸ್ತುತಿಯ ಜೀವಾಳ. ಕುಂಡದಿಂದ ಕುಂಡಕ್ಕೆ ಎತ್ತರದ ಏರುಪೇರು, ಅಂದರೆ ಪ್ರಮಾಣಿತ ವಿಚಲನೆ, 1.7 ಸೆಂ.ಮೀ. ಇರಬಹುದೆಂದು ಊಹಿಸಿ 12 ಕುಂಡ ಸಾಕು ಅಂದುಕೊಂಡಿದ್ದೆವು. ಬಂದದ್ದು 3. ಸರಾಸರಿಯ ಕಂಬಗಳನ್ನು ತೆಗೆದು, ಪ್ರತಿ ಕುಂಡಕ್ಕೂ ಒಂದು ಚುಕ್ಕೆ ಇಟ್ಟು, ಕಿಟಕಿಯಿಂದ ಅದು ಎಷ್ಟು ದೂರವಿತ್ತೆಂದು ಬಣ್ಣದಲ್ಲಿ ಗುರುತಿಸಿದಾಗ ಕಾರಣ ಕಣ್ಣಿಗೆ ಬಿತ್ತು: ಕಿಟಕಿಯಿಂದ ದೂರದ ಸಸಿಗಳು ಬೆಳಕು ಸಾಲದೆ ಎರಡೂ ಗುಂಪಿನಲ್ಲಿ ಸೊರಗಿ ಉದ್ದವಾಗಿದ್ದವು.

ಆಗ ಒಂದು ಸೆಳೆತ ಹುಟ್ಟುತ್ತದೆ: ಕಿಟಕಿ ಬಳಿಯ ಕುಂಡಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದಲ್ಲ ಎಂದು. ಫಲಿತಾಂಶ ನೋಡಿದ ಮೇಲೆ ಮಾಡಿದ ವಿಂಗಡಣೆಯನ್ನು ತೋರಿಸುವುದಾದರೆ, "ಇದು ಆಮೇಲೆ ಹೊಳೆದದ್ದು, ಮತ್ತೆ ಪರೀಕ್ಷಿಸಬೇಕು" ಎಂದು ಅದೇ ಸ್ಲೈಡಿನಲ್ಲಿ ಬರೆಯಬೇಕು. "ಹೆಚ್ಚಳದ ಒಲವು ಕಂಡುಬಂದಿದೆ" ಎಂಬ ನುಣುಚು ಮಾತಂತೂ ಬೇಡವೇ ಬೇಡ.

ಇನ್ನೊಂದು ಸಾಲಿನಲ್ಲಿ 12 ಕುಂಡಗಳಿಗೆ ಸಾರಜನಕ ಗೊಬ್ಬರ ಹಾಕಿದ್ದೆವು. ಅವು ಸರಾಸರಿ 6 ಸೆಂ.ಮೀ. ಹೆಚ್ಚು ಬೆಳೆದಿದ್ದವು. ದೊಡ್ಡ ಪರಿಣಾಮವಿದ್ದರೆ ನಮ್ಮ ಅಳತೆ ಅದನ್ನು ಹಿಡಿಯುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಈ ಸಾಲಿಲ್ಲದಿದ್ದರೆ "ಪ್ರಯೋಗವೇ ಕೆಟ್ಟಿರಬಹುದಲ್ಲ?" ಎಂಬ ಪ್ರಶ್ನೆಗೆ ಉತ್ತರವಿರುತ್ತಿರಲಿಲ್ಲ.

1887ರಲ್ಲಿ ಭೌತವಿಜ್ಞಾನಿ ಮೈಕೆಲ್ಸನ್ ಮತ್ತು ಜೊತೆಗಾರ ಮಾರ್ಲಿ, ಬೆಳಕನ್ನು ಸಾಗಿಸುತ್ತದೆಂದು ಆಗ ನಂಬಿದ್ದ ಈಥರ್ ಎಂಬ ಮಾಧ್ಯಮ ಸಿಗಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಈಥರ್ ಇದ್ದಿದ್ದರೆ ಉಪಕರಣದಲ್ಲಿ ಕಾಣುವ ಬೆಳಕಿನ ಪಟ್ಟೆಗಳು ಒಂದು ಪಟ್ಟೆಯ ಅಗಲದ 0.4ರಷ್ಟು ಸರಿಯಬೇಕಿತ್ತು, ಕಂಡದ್ದು ಖಂಡಿತವಾಗಿ ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಎಂದು ಮಿತಿಯನ್ನೂ ಕೊಟ್ಟರು. ನಾವೂ ನಮ್ಮ ಮಿತಿಯನ್ನು ಬರೆದೆವು: "3.6 ಸೆಂ.ಮೀ.ಗಿಂತ ಹೆಚ್ಚಿನ ಲಾಭ ಅಸಂಭವ. 2 ಸೆಂ.ಮೀ. ಲಾಭ ಇದೆಯೋ ಇಲ್ಲವೋ ತೀರ್ಮಾನವಾಗಿಲ್ಲ."

ಅದರ ಕೆಳಗೆ ಮುಂದಿನ ಲೆಕ್ಕ. ವಿಚಲನೆ 3 ಇರುವಾಗ 2 ಸೆಂ.ಮೀ. ವ್ಯತ್ಯಾಸವನ್ನು ಹಿಡಿಯಲು ರೂಢಿಯ ಅಂದಾಜು ಸೂತ್ರದಂತೆ ಗುಂಪಿಗೆ ಬೇಕಾದ ಕುಂಡಗಳು ಸುಮಾರು 16 × (3/2)², ಅಂದರೆ 36. ಕಿಟಕಿಯಿಂದ ಒಂದೇ ದೂರದ ಪ್ರತಿ ಸಾಲಿನಲ್ಲೂ ಎರಡೂ ಗುಂಪಿನ ಕುಂಡಗಳನ್ನು ಸಮನಾಗಿ ಹಂಚಿಟ್ಟು, ಆ ಸಾಲುಗಳನ್ನು ವಿಶ್ಲೇಷಣೆಯಲ್ಲೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಕಡಿಮೆ ಸಾಕು. ಅಂದಿನ ಚರ್ಚೆಯ ಬಹುಪಾಲು ಸಮಯ ನಡೆದದ್ದು ಈ ಸಾಲುಗಳನ್ನು ಹೇಗೆ ಜೋಡಿಸಬೇಕೆಂಬುದರ ಮೇಲೆಯೇ.